ಫೋಟೋ ನೋಡಿ ಅಲಾಯ್ ವೀಲ್ ಅಸಲಿಯೋ ನಕಲಿಯೋ ಹೇಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಫೋಕ್ಸ್‌ವ್ಯಾಗನ್ ಪೋಲೋ 2010ರಿಂದ 2022ರವರೆಗೆ ಭಾರತದಲ್ಲಿ ಮಾರಾಟವಾಯಿತು. ಕಾರು ನಿಂತರೂ ಅದರ 15 ಇಂಚಿನ ಅಲಾಯ್‌ಗೆ ಗಿರಾಕಿ ನಿಂತಿಲ್ಲ. "ಕಂಪನಿ ವೀಲ್, ನಾಲ್ಕು ಪೀಸ್" ಎಂದು ವಾಟ್ಸಾಪ್‌ನಲ್ಲಿ ಫೋಟೋ ಬರುತ್ತದೆ, ಮುಂಗಡ ಕೇಳುತ್ತಾರೆ, ಕೊಳ್ಳುವವರಿಗೆ ಗೊಂದಲ. ಇಲ್ಲಿನ ಉದಾಹರಣೆಗಳನ್ನೆಲ್ಲ ಈ ಒಂದು ಚಕ್ರದಿಂದಲೇ ತೆಗೆದುಕೊಂಡಿದ್ದೇವೆ. ಬೇರೆ ಕಾರಿನವರು ಅಂಕಿಗಳನ್ನು ತಮ್ಮ ಕಾರಿನದಕ್ಕೆ ಬದಲಿಸಿಕೊಂಡರೆ ನೋಡುವ ಕ್ರಮ ಅದೇ.

## ಶುರುವಿನ ಪ್ರಶ್ನೆಗಳು

ಕಾಪಿ, ಡೂಪ್ಲಿಕೇಟ್, ರೀಪೇಂಟ್ ಎಲ್ಲಾ ಒಂದೇ ಅಲ್ವಾ?

ಅಲ್ಲ. ಇವನ್ನು ಬೇರೆ ಮಾಡಿಕೊಳ್ಳದಿದ್ದರೆ ಮುಂದಿನ ಯಾವ ಗುರುತೂ ಉಪಯೋಗಕ್ಕೆ ಬರುವುದಿಲ್ಲ. ಕಾರು ಕಂಪನಿಯ ವಿನ್ಯಾಸವನ್ನು ಹೋಲುವಂತೆ ಎರಕ ಹೊಯ್ದು, ತನ್ನದೇ ಹೆಸರು ಮತ್ತು ತನ್ನದೇ ಭಾರದ ಅಂಕಿ ಹಾಕಿದ್ದು ಕಾಪಿ. ಅದು ಗಟ್ಟಿ ಇರಬಹುದು, ಇಲ್ಲದಿರಬಹುದು. ಆದರೆ ತಾನು ಬೇರೆ ಎಂದು ಹೇಳಿಕೊಂಡೇ ಮಾರಾಟವಾಗುತ್ತದೆ. ಇನ್ನೊಬ್ಬರ ಲೋಗೋ, ಪಾರ್ಟ್ ನಂಬರ್ ಅಥವಾ ಪರೀಕ್ಷೆಯ ಗುರುತನ್ನು ಹಾಕಿಕೊಂಡದ್ದು ಡೂಪ್ಲಿಕೇಟ್, ಅಂದರೆ ನಕಲಿ. ರೀಪೇಂಟ್ ಆದದ್ದು ಅಸಲಿಯೇ, ಆದರೆ ಹೊಸ ಬಣ್ಣದ ಕೆಳಗೆ ಬೆಸುಗೆಯೋ ಬೆಂಡ್ ತೆಗೆದ ಗುರುತೋ ಇರಬಹುದು.

ಒಂದು ವಿಷಯ ಮೊದಲೇ ಸ್ಪಷ್ಟವಿರಲಿ. ಒಳ್ಳೆಯ ಫೋಟೋ ಇದ್ದರೆ "ಇದು ನಕಲಿ" ಎಂದು ಖಚಿತವಾಗಿ ಹೇಳಬಹುದು. "ಇದು ಅಸಲಿ" ಎಂದು ಅಷ್ಟೇ ಖಚಿತವಾಗಿ ಹೇಳಲಾಗದು. ಹೆಚ್ಚೆಂದರೆ "ತಪ್ಪೇನೂ ಕಾಣಲಿಲ್ಲ" ಎನ್ನಬಹುದು.

ಮಾರೋರು ಮುಂದಿನ ಫೋಟೋ ಮಾತ್ರ ಕಳಿಸಿದ್ದಾರೆ. ಅದರಲ್ಲೇ ಹೇಳೋಕಾಗಲ್ವಾ?

ಆಗುವುದಿಲ್ಲ. ನಕಲು ಮಾಡುವವರು ಅತಿ ಹೆಚ್ಚು ಶ್ರಮ ಹಾಕುವುದು ಮುಖದ ಮೇಲೇ. ಮಧ್ಯದ ಕ್ಯಾಪ್ ಅಂತೂ ಯಾವ ಅಂಗಡಿಯಲ್ಲೂ ಬಿಡಿಯಾಗಿ ಸಿಗುತ್ತದೆ, ಅದರ ಮೇಲಿನ ಲೋಗೋದಿಂದ ಏನೂ ಸಾಬೀತಾಗುವುದಿಲ್ಲ. ನಿಜವಾದ ಮಾಹಿತಿ ಇರುವುದು ಚಕ್ರದ ಹಿಂಬದಿಯಲ್ಲಿ.

ಕೇಳಬೇಕಾದ ಫೋಟೋಗಳು ಇವು: ಹಿಂಬದಿ ಪೂರ್ತಿ ಕಾಣುವ ಒಂದು, ಪ್ರತಿ ಸ್ಪೋಕಿನ ಹಿಂಭಾಗ ಹತ್ತಿರದಿಂದ ಒಂದೊಂದು, ಹಬ್ಬಿಗೆ, ಅಂದರೆ ಚಕ್ರವನ್ನು ಹಿಡಿದಿಡುವ ಕಾರಿನ ಭಾಗಕ್ಕೆ, ಕೂರುವ ಸಪಾಟು ಜಾಗ ನೇರವಾಗಿ ಒಂದು, ಮುಂದಿನಿಂದ ಬೋಲ್ಟ್ ತೂತಿನೊಳಗೆ ಕಾಣುವಂಥದ್ದು ಒಂದು. ನಾಲ್ಕೂ ಚಕ್ರಗಳದು ಬೇಕು. ಒಂದು ಅಸಲಿ, ಮೂರು ಬೇರೆ ಎನ್ನುವ ಸೆಟ್ಟುಗಳೂ ಇರುತ್ತವೆ.

ಫ್ಲ್ಯಾಶ್ ನೇರವಾಗಿ ಹೊಡೆದರೆ ಲೋಹದ ಮೇಲಿನ ಅಕ್ಷರ ಬಿಳುಚಿ ಮಾಯವಾಗುತ್ತದೆ. ಫ್ಲ್ಯಾಶ್ ಆರಿಸಿ, ಇನ್ನೊಂದು ಮೊಬೈಲಿನ ಟಾರ್ಚನ್ನು ಪಕ್ಕದಿಂದ ಮೇಲ್ಮೈಗೆ ತಾಗುವಷ್ಟು ತಗ್ಗಿಸಿ ಹಿಡಿಯಲು ಹೇಳಿ. ಆಗ ಪ್ರತಿ ಅಕ್ಷರಕ್ಕೂ ನೆರಳು ಬೀಳುತ್ತದೆ. ಬ್ರೇಕ್ ಧೂಳು ಕೂತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣ ಉಜ್ಜಿ, ಮೇಲಿಂದ ಮೆಲ್ಲಗೆ ಒರೆಸಿದರೆ ಕುಳಿಬಿದ್ದ ಅಂಕಿಗಳಲ್ಲಿ ಸುಣ್ಣ ಉಳಿದು ಓದಲು ಬರುತ್ತದೆ. ವಾಟ್ಸಾಪ್‌ನಲ್ಲಿ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಸಾಮಾನ್ಯ ಫೋಟೋ ಆಗಿ ಬಂದರೆ ಕುಗ್ಗಿ, ಅಕ್ಷರದ ಅಂಚು ಕರಗಿಹೋಗುತ್ತದೆ. ನಾವು ತೀರ್ಮಾನ ಮಾಡುವುದೇ ಆ ಅಂಚಿನಿಂದ.

## ಹಿಂಬದಿಯ ಅಕ್ಷರಗಳು

ಹಿಂದೆ 6Jx15H2 ET40 ಅಂತ ಇದೆ. ಇದರಲ್ಲಿ ಏನು ನೋಡ್ಬೇಕು?

6 ಎಂದರೆ ಇಂಚಿನಲ್ಲಿ ಅಗಲ, `J` ಅಂಚಿನ ಆಕಾರ, 15 ವ್ಯಾಸ. `H2` ಎಂದರೆ ಟೈರಿನ ಅಂಚು ಜಾರದಂತೆ ಒಳಗೆ ಎರಡೂ ಕಡೆ ಇರುವ ಉಬ್ಬು. `ET40` ಎಂದರೆ ಚಕ್ರದ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖ 40 ಮಿ.ಮೀ. ಹೊರಕ್ಕಿದೆ ಎಂದು.

ಅಳತೆಯಷ್ಟೇ ಮುಖ್ಯ ಅದನ್ನು ಬರೆದ ರೀತಿ. ಯೂರೋಪಿನ ಕಾರು ಕಂಪನಿಗಳ ಚಕ್ರದಲ್ಲಿ ಅಗಲ ಮೊದಲು, ವ್ಯಾಸ ಆಮೇಲೆ. ಹೊರಗಿನ ಮಾರುಕಟ್ಟೆಯ ಚಕ್ರಗಳಲ್ಲಿ ಹೆಚ್ಚಾಗಿ `15X6.5J` ಎಂದು ವ್ಯಾಸವೇ ಮೊದಲು ಬರುತ್ತದೆ. "ಪೋಲೋದ ಕಂಪನಿ ವೀಲ್" ಎಂದು ಮಾರುವ ಚಕ್ರದ ಹಿಂದೆ `15X6.5J PCD 5X100` ಎಂದು ಕಂಡರೆ ಅಲ್ಲೇ ನಿಲ್ಲಿ. ಕಂಪನಿ ಚಕ್ರದಲ್ಲಿ `PCD` ಎಂಬ ಬೋಲ್ಟ್ ವೃತ್ತದ ಅಳತೆ ಬರೆಯುವ ಅಗತ್ಯವೇ ಇರುವುದಿಲ್ಲ, ಪಾರ್ಟ್ ನಂಬರಿನಲ್ಲೇ ಅದೆಲ್ಲ ಅಡಗಿರುತ್ತದೆ. ಹತ್ತಾರು ಕಾರಿಗೆ ಮಾರುವವರಿಗೆ ಮಾತ್ರ ಅದನ್ನು ಬರೆಯಬೇಕಾಗುತ್ತದೆ.

ಪೋಲೋ ಅಲಾಯ್‌ನ ಪಾರ್ಟ್ ನಂಬರ್ `6R0 601 025` ಎಂದು ಶುರುವಾಗಿ ಕೊನೆಗೆ ಒಂದೋ ಎರಡೋ ಅಕ್ಷರ ಇರುತ್ತದೆ. ಮೊದಲ ಮೂರು ಕಾರಿನ ಪೀಳಿಗೆ, ನಡುವಿನ `601 025` ಅಲಾಯ್ ರಿಮ್, ಕೊನೆಯದು ವಿನ್ಯಾಸ. ಆ ಕೊನೆಯ ಅಕ್ಷರದ ಸಮೇತ ನಂಬರನ್ನು ಅಂತರ್ಜಾಲದಲ್ಲಿ ಹುಡುಕಿದರೆ ಅದೇ ವಿನ್ಯಾಸದ ಚಿತ್ರ ಬರಬೇಕು. ಐದು ಸ್ಪೋಕಿನ ಚಕ್ರದ ನಂಬರ್ ಹತ್ತು ಸ್ಪೋಕಿನ ಚಿತ್ರ ತೋರಿಸಿದರೆ ಸಿಕ್ಕ ನಂಬರನ್ನು ಹಾಗೇ ಎತ್ತಿ ಹಾಕಿದ್ದಾರೆ ಎಂದರ್ಥ.

ಕೆಲವು ಅಕ್ಷರ ಉಬ್ಬಿದೆ, ಕೆಲವು ಕೊರೆದ ಹಾಗಿದೆ. ಹೀಗಿರೋದು ಸರಿನಾ?

ಸರಿ, ಹಾಗೇ ಇರಬೇಕು. ಎಲ್ಲ ಚಕ್ರಕ್ಕೂ ಸಮಾನವಾದ ಅಳತೆ, ಲೋಗೋ, ಪಾರ್ಟ್ ನಂಬರ್, ತಯಾರಕರ ಹೆಸರು ಇವೆಲ್ಲ ಉಕ್ಕಿನ ಅಚ್ಚಿನಲ್ಲೇ ಕೆತ್ತಿರುತ್ತವೆ. ಹಾಗಾಗಿ ಚಕ್ರದಲ್ಲಿ ಉಬ್ಬಿ ಬರುತ್ತವೆ. ಬ್ಯಾಚು, ಪಾಳಿ, ಕ್ರಮಸಂಖ್ಯೆಯಂಥವು ಚಕ್ರದಿಂದ ಚಕ್ರಕ್ಕೆ ಬದಲಾಗುವುದರಿಂದ ಆಮೇಲೆ ಪಂಚ್ ಹೊಡೆದೋ ಚುಕ್ಕಿ ಚುಕ್ಕಿಯಾಗಿ ಕುಟ್ಟಿಯೋ ಹಾಕುತ್ತಾರೆ. ಅವು ಕುಳಿ ಬಿದ್ದಿರುತ್ತವೆ. ಅನುಮಾನ ಬರಬೇಕಾದದ್ದು ಇದು ತಿರುವುಮುರುವಾದಾಗ. ಪಾರ್ಟ್ ನಂಬರನ್ನೇ ಕೈಯಲ್ಲಿ ಪಂಚ್ ಹೊಡೆದು, ಅಕ್ಷರಗಳು ಸಾಲು ತಪ್ಪಿ ಏರಿಳಿದಿದ್ದರೆ ಅದನ್ನು ಆಮೇಲೆ ಸೇರಿಸಿದ್ದಾರೆ.

ಉಬ್ಬಕ್ಷರದ ಅಂಚನ್ನು ದೊಡ್ಡದು ಮಾಡಿ ನೋಡಿ. ಹೊಸದಾಗಿ ಕೆತ್ತಿದ ಅಚ್ಚಿನಿಂದ ಬಂದ `R` ಅಕ್ಷರದ ಹೊಟ್ಟೆಯೊಳಗಿನ ತೂತು ತೆರೆದಿರುತ್ತದೆ, ಮೇಲ್ಭಾಗ ಸಪಾಟಾಗಿರುತ್ತದೆ. ಅಸಲಿ ಚಕ್ರವನ್ನೇ ಮಾದರಿಯಾಗಿಟ್ಟು ಅಚ್ಚು ತೆಗೆದರೆ, ಅದರ ಮೇಲಿದ್ದ ಬಣ್ಣದ ಪದರ ಸಮೇತ ಅಚ್ಚಾಗುತ್ತದೆ. ಅಕ್ಷರಗಳು ನೆಕ್ಕಿದ ಬೆಲ್ಲದ ಹಾಗೆ ದುಂಡಗಾಗಿ, ಸಣ್ಣ ತೂತುಗಳು ಮುಚ್ಚಿಹೋಗಿರುತ್ತವೆ. ಎಚ್ಚರಿಕೆ ಒಂದಿದೆ: ದಪ್ಪ ರೀಪೇಂಟ್ ಆದ ಅಸಲಿ ಚಕ್ರದಲ್ಲೂ ಅಕ್ಷರ ಹೀಗೇ ದುಂಡಗಾಗುತ್ತದೆ. ಹಾಗಾಗಿ ಇದೊಂದನ್ನೇ ನಂಬಬೇಡಿ.

ಯಾವುದೋ ಸಾಲನ್ನು ಗ್ರೈಂಡರ್‌ನಲ್ಲಿ ಉಜ್ಜಿ ಸಪಾಟು ಮಾಡಿದ್ದರೆ ಮಾತ್ರ ಯೋಚಿಸಬೇಕಾಗಿಲ್ಲ, ಆ ಚಕ್ರ ಬೇಡ. ಅಸಲಿಯಲ್ಲಿ ಹೆಸರು ಅಳಿಸುವ ಕಾರಣವೇ ಇಲ್ಲ.

ಬಾಣದ ಗುರುತಿರೋ ಚಿಕ್ಕ ವೃತ್ತ, ಸುತ್ತ 1ರಿಂದ 12 ಇದೆ. ಏನದು?

ಎರಕ ಹೊಯ್ದ ತಿಂಗಳು ಮತ್ತು ವರ್ಷ. ಅಚ್ಚಿನಲ್ಲಿ ತಿರುಗಿಸಬಹುದಾದ ಒಂದು ಬಿಲ್ಲೆ ಇರುತ್ತದೆ, ಬಾಣ ತಿಂಗಳ ಕಡೆ ತಿರುಗಿರುತ್ತದೆ, ನಡುವೆ ವರ್ಷದ ಎರಡು ಅಂಕಿ. ಬಿಲ್ಲೆ ಬೇರೆ ತುಂಡಾದ್ದರಿಂದ ಅದರ ಸುತ್ತ ಕೂದಲೆಳೆಯಷ್ಟು ತೆಳ್ಳನೆ ಗೆರೆಯೂ ಚಕ್ರದ ಮೇಲೆ ಮೂಡುತ್ತದೆ.

ನಕಲಿಯ ಅಚ್ಚಿನಲ್ಲಿ ಆ ಬಿಲ್ಲೆ ತಿರುಗುವುದಿಲ್ಲ, ಮಾದರಿ ಚಕ್ರದಲ್ಲಿದ್ದ ಚಿತ್ರ ಹಾಗೇ ಬರುತ್ತದೆ. ನಾಲ್ಕೂ ಚಕ್ರದಲ್ಲಿ ಒಂದೇ ತಿಂಗಳಿದ್ದರೆ ತಪ್ಪೇನಿಲ್ಲ, ಒಂದೇ ಕಾರಿನ ಸೆಟ್ಟಾದರೆ ಅದು ಸಹಜ. ಆದರೆ ಬೇರೆ ಬೇರೆ ಮಾರಾಟಗಾರರ ಫೋಟೋಗಳಲ್ಲೂ ಅದೇ ತಿಂಗಳು, ಅದೇ ವರ್ಷ, ಅಕ್ಷರದ ಪಕ್ಕದಲ್ಲಿ ಅದೇ ಗೀರು ಕಂಡರೆ ಎಲ್ಲವೂ ಒಂದು ನಕಲಿ ಅಚ್ಚಿನ ಮಕ್ಕಳು. ಕಾರಿನ ವರ್ಷದ ಜೊತೆಗೂ ತಾಳೆ ನೋಡಿ. 2014ರ ಕಾರಿನಿಂದ ಬಿಚ್ಚಿದ್ದು ಎನ್ನುವ ಚಕ್ರದಲ್ಲಿ 19 ಇದ್ದರೆ ಕಡೇಪಕ್ಷ ಆ ಮಾತು ಸುಳ್ಳು.

ನಡುವಿನ ತೂತು 73.1 ಅಂತ ಬರೆದಿದೆ, ರಿಂಗ್ ಹಾಕಿದ್ರೆ ಕೂರುತ್ತೆ ಅಂತಾರೆ. ಕಂಪನಿದೇ ಇರಬಹುದಾ?

ಇರಲು ಸಾಧ್ಯವಿಲ್ಲ. ಪೋಲೋದ ಹಬ್ 57.1 ಮಿ.ಮೀ., ಕಂಪನಿ ಚಕ್ರದ ನಡುತೂತೂ ಅಷ್ಟೇ ಇದ್ದು ಹಬ್ಬಿನ ಮೇಲೆ ನೇರ ಕೂರುತ್ತದೆ. 73.1 ಎನ್ನುವುದು ಹಲವು ಕಾರಿಗೆ ಹೊಂದಲಿ ಎಂದು ಹೊರಗಿನ ತಯಾರಕರು ದೊಡ್ಡದಾಗಿ ಬಿಡುವ ಅಳತೆ. ನಡುವಿನ ಸಂದನ್ನು ತುಂಬುವ ಸರಿಯಾದ ರಿಂಗ್ ಹಾಕಿ ಬಳಸಿದರೆ ಅದರಿಂದ ಅಪಾಯವಿಲ್ಲ. ಪ್ರಶ್ನೆ ಇರುವುದು ಅದನ್ನು ಕಂಪನಿಯದೆಂದು ಮಾರುವುದರಲ್ಲಿ. ಐದರ ಬದಲು ಹತ್ತು ತೂತು ಕೊರೆದು ಎರಡು ವೃತ್ತಕ್ಕೆ ಹೊಂದಿಸಿದ ಚಕ್ರಕ್ಕೂ ಇದೇ ಮಾತು.

ಇನ್ನೊಂದು ಗುರುತು ಬೋಲ್ಟ್ ತೂತಿನೊಳಗಿದೆ, ಇದನ್ನು ಬಹಳ ಜನ ನೋಡುವುದೇ ಇಲ್ಲ. ಫೋಕ್ಸ್‌ವ್ಯಾಗನ್ ಚಕ್ರದಲ್ಲಿ ಬೋಲ್ಟಿನ ತಲೆ ಕೂರುವ ಜಾಗ ಬಟ್ಟಲಿನ ಹಾಗೆ ಗುಂಡಗಿರುತ್ತದೆ. ಹೊರಗಿನ ಚಕ್ರಗಳಲ್ಲಿ ಹೆಚ್ಚಾಗಿ ಅದು ಲಾಳಿಕೆಯ ಹಾಗೆ ನೇರ ಇಳಿಜಾರು. ಪಕ್ಕದ ಬೆಳಕಿನಲ್ಲಿ ಬಟ್ಟಲಿನ ನೆರಳು ಮೆಲ್ಲಗೆ ಬಾಗುತ್ತದೆ, ಲಾಳಿಕೆಯದು ಒಂದೇ ಸಮನೆ ಇರುತ್ತದೆ. ಕಂಪನಿಯ ಗುಂಡುತಲೆ ಬೋಲ್ಟನ್ನು ಇಳಿಜಾರಿನಲ್ಲಿ ಬಿಗಿದರೆ ತೆಳ್ಳನೆಯ ಒಂದು ಉಂಗುರದಷ್ಟು ಜಾಗದಲ್ಲಿ ಮಾತ್ರ ತಾಗುತ್ತದೆ, ಓಡುತ್ತಾ ಸಡಿಲವಾಗುತ್ತದೆ.

## ಭಾರ ಮತ್ತು ಪರೀಕ್ಷೆಯ ಗುರುತು

MAX LOAD ಅಂತ ಎಲ್ಲೂ ಬರೆದಿಲ್ಲ. ಬಿಟ್ಟುಬಿಡ್ಲಾ?

ಯಾವ ಚಕ್ರ ಎನ್ನುವುದರ ಮೇಲೆ ಹೋಗುತ್ತದೆ. ಎಷ್ಟೋ ಕಾರು ಕಂಪನಿಗಳ ಚಕ್ರಗಳಲ್ಲಿ ಭಾರದ ಅಂಕಿ ಇರುವುದಿಲ್ಲ. ಆ ಪಾರ್ಟ್ ನಂಬರ್ ಯಾವ ಕಾರಿಗೆ ಎಂದು ಕಂಪನಿಯೇ ನಿಗದಿ ಮಾಡಿರುತ್ತದೆ. ಹೊರಗಿನ ಬ್ರ್ಯಾಂಡಿನ ಚಕ್ರ ಯಾವ ಕಾರಿಗೆ ಹೋಗುತ್ತದೋ ತಯಾರಕರಿಗೆ ಗೊತ್ತಿಲ್ಲ, ಹಾಗಾಗಿ ಅದರಲ್ಲಿ ಅಂಕಿ ಇರಲೇಬೇಕು. ಇಲ್ಲದಿದ್ದರೆ ಕೊಳ್ಳಬೇಡಿ.

ಅಂಕಿ ಇದ್ದರೆ ಲೆಕ್ಕ ಸುಲಭ. ಕಾರಿನ ಪ್ಲೇಟಿನಲ್ಲೋ ಕೈಪಿಡಿಯಲ್ಲೋ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಗರಿಷ್ಠ ಭಾರ ಇರುತ್ತದೆ. ಹೆಚ್ಚಿರುವುದನ್ನು ಎರಡರಿಂದ ಭಾಗಿಸಿ. ಉದಾಹರಣೆಗೆ 900 ಕೆ.ಜಿ. ಇದ್ದರೆ ಒಂದು ಚಕ್ರಕ್ಕೆ 450. ಚಕ್ರದ ಅಂಕಿ ಅದಕ್ಕಿಂತ ಕಡಿಮೆ ಇರಬಾರದು. ಟೈರನ್ನೂ ನೋಡಿ: 185/60 R15 84 ಎನ್ನುವಲ್ಲಿ 84 ಎಂದರೆ 500 ಕೆ.ಜಿ. ಟೈರು 500 ಹೊರುತ್ತದೆ ಎಂದು ಚಕ್ರವೂ ಹೊರುತ್ತದೆ ಎಂದಲ್ಲ. ಎರಡರಲ್ಲಿ ಕಡಿಮೆ ಯಾವುದೋ ಅದೇ ನಿಮ್ಮ ಮಿತಿ.

ನಕಲಿಯನ್ನು ಹಿಡಿಯುವ ಒಂದು ಸಣ್ಣ ಲೆಕ್ಕವೂ ಇಲ್ಲಿದೆ. ಕೆಲವು ಚಕ್ರದಲ್ಲಿ ಕೆ.ಜಿ. ಮತ್ತು ಪೌಂಡ್ ಎರಡೂ ಇರುತ್ತವೆ. ಕೆ.ಜಿ.ಯನ್ನು 2.2046ರಿಂದ ಗುಣಿಸಿ. `690KG` ಇದ್ದರೆ ಪಕ್ಕದಲ್ಲಿ 1520ರ ಆಸುಪಾಸು ಇರಬೇಕು. `690KG 1320LB` ಎಂದಿದ್ದರೆ, 1320 ಪೌಂಡ್ ಎಂದರೆ ಸುಮಾರು 599 ಕೆ.ಜಿ. ಎರಡು ಅಂಕಿ ಎರಡು ಚಕ್ರದಿಂದ ಬಂದಿವೆ. ಹಾಗೆ ಬರೆದವರು ಯಾವ ಭಾರಕ್ಕೂ ಪರೀಕ್ಷೆ ಮಾಡಿಸಿಲ್ಲ ಎಂದೇ ತಿಳಿಯಬೇಕು.

JWL, VIA ಎರಡೂ ಇದೆ. ಜಪಾನ್ ಸ್ಟ್ಯಾಂಡರ್ಡ್ ಅಂದ್ರೆ ನಂಬಬಹುದಲ್ವಾ?

`JWL` ಎನ್ನುವುದು ಜಪಾನಿನ ಲಘುಲೋಹ ಚಕ್ರದ ಮಾನದಂಡ. ಬಾಗುವ ಆಯಾಸ, ಭಾರ ಹೊತ್ತು ಉರುಳುವ ಆಯಾಸ, ಪಕ್ಕದ ಹೊಡೆತ ಇವನ್ನು ತಡೆಯುತ್ತದೆ ಎಂದು ತಯಾರಕರು ತಾವೇ ಪರೀಕ್ಷಿಸಿ ಹಾಕಿಕೊಳ್ಳುವ ಗುರುತು ಅದು. `VIA` ಬೇರೆ. ಹೊರಗಿನ ಸಂಸ್ಥೆ ಪರೀಕ್ಷಿಸಿ ನೋಂದಾಯಿಸಿದ ಮೇಲೆ ಬರುವಂಥದ್ದು. ಹಾಗಾಗಿ `VIA`ಗೆ ತೂಕ ಹೆಚ್ಚು. ಆದರೆ ಎರಡನ್ನೂ ಅಚ್ಚಿನಲ್ಲಿ ಕೆತ್ತಲು ಹತ್ತು ನಿಮಿಷ ಸಾಕು.

ಫೋಟೋದಲ್ಲಿ ನೋಡಬೇಕಾದದ್ದು ಆ ಗುರುತಿನ ನೆರೆಹೊರೆ. ಪಕ್ಕದಲ್ಲಿ ತಯಾರಕರ ಹೆಸರೋ ಚಿಹ್ನೆಯೋ ಇದೆಯೇ? ಭಾರದ ಅಂಕಿ ಇದೆಯೇ? ಹೆಸರಿಲ್ಲದ ಚಕ್ರದ ಮೇಲೆ ಬರೀ `JWL VIA` ಇದ್ದರೆ, ಆ ಪರೀಕ್ಷೆ ಮಾಡಿಸಿದವರು ಯಾರು ಎಂದು ಕೇಳಲು ಯಾರೂ ಇಲ್ಲ. ಪೋಲೋದ ಕಂಪನಿ ಚಕ್ರ ಎಂದು ಫೋಕ್ಸ್‌ವ್ಯಾಗನ್ ಲೋಗೋ ಹಾಕಿ, ಅದರ ಪಕ್ಕ ಬಹಳ ದೊಡ್ಡದಾಗಿ `JWL` ಬರೆದದ್ದನ್ನಂತೂ ನಾವು ಮೊದಲ ನೋಟಕ್ಕೇ ಅನುಮಾನಿಸುತ್ತೇವೆ.

ಐಎಸ್‌ಐ ಮಾರ್ಕ್ ಇರಬೇಕಾ?

ವಾಹನದ ಚಕ್ರದ ರಿಮ್ಮುಗಳಿಗೆ ಐಎಸ್ 16192 ಎಂಬ ಭಾರತೀಯ ಮಾನಕ ಸರಣಿ ಇದೆ, ಐಎಸ್‌ಐ ಗುರುತು ಕಡ್ಡಾಯ ಮಾಡುವ ಆದೇಶ 2020ರಲ್ಲಿ ಹೊರಟಿತು. ಅದಕ್ಕಿಂತ ಹಿಂದೆ ಎರಕವಾದ ಹಳೆಯ ಚಕ್ರದಲ್ಲಿ ಅದು ಇಲ್ಲದಿರುವುದು ಸಹಜ. ಇದ್ದರೆ ಕೆಳಗಿನ `CM/L` ಸಂಖ್ಯೆ ಓದಿ, `BIS Care` ಆ್ಯಪ್‌ನಲ್ಲಿ ಹಾಕಿ ನೋಡಿ. ಪರವಾನಗಿ ಯಾರ ಹೆಸರಿನಲ್ಲಿದೆ, ಯಾವ ವಸ್ತುವಿಗೆ ಎಂದು ಬರುತ್ತದೆ. ಹೆಸರು ಚಕ್ರದ ಮೇಲಿನದಕ್ಕೆ ಹೊಂದದಿದ್ದರೆ ಅದು ನಕಲಿ ಗುರುತು. ಸಂಖ್ಯೆಯೇ ಇಲ್ಲದ ಬರೀ ಐಎಸ್‌ಐ ಚಿತ್ರಕ್ಕೆ ಬೆಲೆ ಇಲ್ಲ.

## ಬಣ್ಣ ಮತ್ತು ಮೇಲ್ಮೈ

ಪೇಂಟ್ ಶೋರೂಮ್ ಥರ ಇದೆ. ಒರಿಜಿನಲ್ ಪೇಂಟಾ ರೀಪೇಂಟಾ ಹೇಗೆ ಗೊತ್ತಾಗುತ್ತೆ?

ಮುಖ ಬಿಟ್ಟು ಮೂರು ಜಾಗ ನೋಡಿ. ಮೊದಲನೆಯದು ಬೋಲ್ಟ್ ಕೂರುವ ಬಟ್ಟಲು. ಕಾರ್ಖಾನೆಯಲ್ಲಿ ಅಲ್ಲಿ ದಪ್ಪ ಬಣ್ಣ ಕೂರದಂತೆ ನೋಡಿಕೊಳ್ಳುತ್ತಾರೆ, ಬಳಸಿದ ಚಕ್ರದಲ್ಲಿ ಬೋಲ್ಟ್ ತಿಕ್ಕಿದ ಹೊಳಪು ಉಂಗುರವೂ ಇರುತ್ತದೆ. ಹತ್ತು ವರ್ಷ ಓಡಿದ ಚಕ್ರದ ಬಟ್ಟಲಿನಲ್ಲಿ ಮುಖದ್ದೇ ಬಣ್ಣ ತುಂಬಿ, ತಿಕ್ಕಿದ ಗುರುತೇ ಇಲ್ಲದಿದ್ದರೆ ಮೊನ್ನೆ ಬಣ್ಣ ಹೊಡೆದದ್ದು. ಎರಡನೆಯದು ಹಬ್ಬಿಗೆ ಕೂರುವ ಸಪಾಟು ಮುಖ. ಅಲ್ಲಿ ಲೇತಿನ ಸಣ್ಣ ಗೆರೆಗಳು ಕಾಣಬೇಕು. ಇವೆರಡು ಬರೀ ಗುರುತಲ್ಲ, ಅಪಾಯವೂ ಹೌದು: ದಪ್ಪ ಪೌಡರ್ ಕೋಟಿಂಗ್ ಮೇಲೆ ಬೋಲ್ಟ್ ಬಿಗಿದರೆ, ಓಡಾಟದ ಶಾಖಕ್ಕೆ ಪದರ ಹಿಂಡಿಹೋಗಿ ಬಿಗಿತ ಇಳಿಯುತ್ತದೆ.

ಮೂರನೆಯದು ಒಳಗಿನ ಸುತ್ತು. ಕಾರ್ಖಾನೆಯ ಬಣ್ಣ ಅಲ್ಲಿ ತೆಳುವಾದರೂ ಒಂದೇ ಸಮ. ಸ್ಪ್ರೇ ಗನ್ ಹಿಡಿದು ಮುಂದಿನಿಂದ ಹೊಡೆದದ್ದಾದರೆ ಸ್ಪೋಕಿನ ಸಂದಿಯಿಂದ ಒಳಕ್ಕೆ ಬಿದ್ದ ಬಣ್ಣ ಮಂಜಿನ ಹಾಗೆ ಚದುರಿ, ಸ್ಪೋಕಿನ ನೆರಳಿನ ಆಕಾರ ಬಿಟ್ಟಿರುತ್ತದೆ. ವಾಲ್ವ್ ತೂತಿನ ಅಂಚೂ, ತೂಕದ ತುಂಡು ಅಂಟಿಸಿದ್ದ ಜಾಗವೂ ಇದೇ ಕತೆ ಹೇಳುತ್ತವೆ.

ಡೈಮಂಡ್ ಕಟ್ ಮುಖದಲ್ಲಿ ಏನು ನೋಡ್ಬೇಕು?

ಲೇತಿನಲ್ಲಿ ಮುಖ ಕೆರೆದು, ಮೇಲೆ ಪಾರದರ್ಶಕ ಲ್ಯಾಕರ್ ಕೊಟ್ಟದ್ದು ಡೈಮಂಡ್ ಕಟ್. ಹೊಸದರಲ್ಲಿ ಗೆರೆಗಳು ಎಷ್ಟು ಸಣ್ಣವೆಂದರೆ ಕಾಮನಬಿಲ್ಲಿನ ಬಣ್ಣ ಚದುರುತ್ತದೆ. ಗ್ರಾಮಫೋನ್ ತಟ್ಟೆಯ ಹಾಗೆ ಒಂದೊಂದು ಗೆರೆಯೂ ಎಣಿಸುವಂತಿದ್ದರೆ ಮರಳಿ ಕೆರೆದಿದ್ದಾರೆ. ಪ್ರತಿ ಬಾರಿಯೂ ಲೋಹ ಸವೆಯುತ್ತದೆ. ಕೆರೆದ ಜಾಗದಲ್ಲಿ ಸೂಜಿಮೊನೆಯಂಥ ಕಪ್ಪು ಚುಕ್ಕಿಗಳು ಗುಂಪಾಗಿ ಕಂಡರೆ ಅವು ಎರಕದೊಳಗಿನ ಗಾಳಿಗುಳ್ಳೆಗಳು. ಲ್ಯಾಕರ್ ಕೆಳಗೆ ಬಿಳಿ ಹುಳು ಹರಿದಂತೆ ಗೆರೆ ಇದ್ದರೆ ಅದು ತುಕ್ಕು. ಹಳೆಯ ಅಸಲಿಯಲ್ಲೂ ಬರುತ್ತದೆ, ನಕಲಿಯ ಗುರುತಲ್ಲ.

## ಆಳದ ಪ್ರಶ್ನೆಗಳು

ಒಂದು ಸೆಟ್ ತಗೊಂಡು ಪೂರ್ತಿ ಬಿಡಿಸಿ ತೋರಿಸ್ತೀರಾ?

ಹೀಗೊಂದು ಸೆಟ್ಟಿನ ಫೋಟೋಗಳು ಬಂದಿವೆ ಎಂದುಕೊಳ್ಳಿ. "ಪೋಲೋ ಒರಿಜಿನಲ್, 2015ರ ಕಾರಿಂದ ಬಿಚ್ಚಿದ್ದು." ಮುಖ ಸರಿಯಾಗಿದೆ, ಕ್ಯಾಪ್ ಇದೆ. ಹಿಂಬದಿಯಲ್ಲಿ `6R0 601 025` ಮತ್ತು ಕೊನೆಯ ಅಕ್ಷರ ಉಬ್ಬಿವೆ, ಹುಡುಕಿದರೆ ಅದೇ ವಿನ್ಯಾಸ ಬರುತ್ತದೆ. ಇಲ್ಲಿಯವರೆಗೆ ಎಲ್ಲ ಸರಿ.

ಎರಡನೇ ಸ್ಪೋಕಿನಲ್ಲಿ `6Jx15H2 ET40`. ಆದರೆ 6ರ ಹೊಟ್ಟೆ ಮುಚ್ಚಿದೆ, ಪಾರ್ಟ್ ನಂಬರಿನ `R`ನದೂ ಮುಚ್ಚಿದೆ. ದಪ್ಪ ಬಣ್ಣವಿರಬಹುದು, ತೀರ್ಮಾನ ಬೇಡ. ಬಾಣದ ವೃತ್ತ ನಾಲ್ಕರಲ್ಲೂ 14ರ 3ನೇ ತಿಂಗಳು. ಒಂದೇ ಕಾರಿನದಾದರೆ ಸರಿಯೇ. ಆದರೆ ವೃತ್ತದ ಸುತ್ತ ಬಿಲ್ಲೆಯ ಗೆರೆ ಇಲ್ಲ, ನಾಲ್ಕರಲ್ಲೂ ಬಾಣದ ತುದಿಯಲ್ಲಿ ಒಂದೇ ಆಕಾರದ ಚಿಟಿಕೆ ಲೋಹ ಹೆಚ್ಚಿದೆ. ಪಂಚ್ ಹೊಡೆದ ಬ್ಯಾಚ್ ಸಂಖ್ಯೆ ಯಾವುದರಲ್ಲೂ ಇಲ್ಲ. ಅನುಮಾನ ಗಟ್ಟಿಯಾಗುತ್ತಿದೆ.

ಬೋಲ್ಟ್ ತೂತಿನ ಫೋಟೋ ತೆರೆದರೆ ನೆರಳು ಬಾಗುತ್ತಿಲ್ಲ, ಲಾಳಿಕೆಯ ನೇರ ಇಳಿಜಾರು. ಅಲ್ಲಿಗೆ ಮುಗಿಯಿತು. ಅಕ್ಷರ ದುಂಡಗಾಗಲು ಬಣ್ಣ ಕಾರಣವಾಗಬಹುದು, ಬಟ್ಟಲು ಲಾಳಿಕೆಯಾಗಲು ಬಣ್ಣ ಕಾರಣವಾಗದು. ನಕಲು ಮಾಡಿದವರು ಅಚ್ಚಿನಿಂದ ಬರುವುದನ್ನೆಲ್ಲ ನಕಲಿಸಿದರು. ಎರಕದ ನಂತರ ಯಂತ್ರದಲ್ಲಿ ಕೊರೆಯುವ ಭಾಗವನ್ನು ಮಾತ್ರ ತಮ್ಮಲ್ಲಿದ್ದ ಉಪಕರಣದಲ್ಲೇ ಕೊರೆದರು. ಅದಕ್ಕೇ ಅಚ್ಚಿನ ಅಕ್ಷರಕ್ಕಿಂತ ಕೊರೆದ ಜಾಗಗಳನ್ನು, ಅಂದರೆ ನಡುತೂತು, ಬೋಲ್ಟ್ ಬಟ್ಟಲು, ಸಪಾಟು ಮುಖ ಇವನ್ನು ನಾವು ಹೆಚ್ಚು ನಂಬುತ್ತೇವೆ.

ಫೋರ್ಜ್ಡ್ ಅಂತ ಮಾರ್ತಿದ್ದಾರೆ. ಫೋಟೋದಲ್ಲಿ ಕಾಣುತ್ತಾ?

ಬಹುಪಾಲು ಕಾಣುತ್ತದೆ. ಎರಕದ ಚಕ್ರದ ಹಿಂಬದಿಯಲ್ಲಿ ತುಸು ಒರಟಾದ ಚರ್ಮ, ಅಚ್ಚಿನಿಂದ ಹೊರತಳ್ಳುವ ಕಡ್ಡಿಗಳು ಬಿಟ್ಟ ಗುಂಡನೆಯ ಗುರುತುಗಳು ಇರುತ್ತವೆ. ಫೋರ್ಜ್ಡ್ ಎಂದರೆ ಲೋಹದ ಗಟ್ಟಿಯನ್ನು ಒತ್ತಿ, ಆಮೇಲೆ ಯಂತ್ರದಲ್ಲಿ ಕೆರೆದದ್ದು. ಸ್ಪೋಕಿನ ಬದಿಯಲ್ಲೂ ಹಿಂದೆಯೂ ಕೆರೆದ ಉಪಕರಣದ ಸಾಲುಸಾಲು ಗುರುತು ಕಾಣುತ್ತದೆ. ಕಡ್ಡಿಯ ಗುರುತು ಮತ್ತು ಒರಟು ಚರ್ಮ ಇದ್ದೂ ಫೋರ್ಜ್ಡ್ ಎಂದರೆ ಒಪ್ಪಬೇಡಿ. ತಕ್ಕಡಿಯ ಮೇಲಿಟ್ಟ ಫೋಟೋ ಕೇಳಿ, ತಯಾರಕರು ಪ್ರಕಟಿಸಿದ ತೂಕದ ಜೊತೆ ಹೋಲಿಸಿ.

ಎಲ್ಲಾ ಗುರುತು ಸರಿ ಇದೆ. ಹಾಗಾದ್ರೆ ಗಟ್ಟಿ ಅಂತ ಅರ್ಥನಾ?

ಇಲ್ಲ. ಎರಕದ ಚಕ್ರಕ್ಕೆ ಬಲ ಬರುವುದು ಅಲ್ಯೂಮಿನಿಯಂ, ಸಿಲಿಕಾನ್, ಮೆಗ್ನೀಸಿಯಂ ಮಿಶ್ರಣದಿಂದ ಮತ್ತು ಎರಕದ ಮೇಲೆ ಕೊಡುವ ಶಾಖ ಸಂಸ್ಕಾರದಿಂದ. ಕಾಯಿಸಿ, ನೀರಿಗೆ ಅದ್ದಿ, ಮತ್ತೆ ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಖರ್ಚು ಉಳಿಸಲು ಅದನ್ನು ಬಿಟ್ಟರೆ ಫೋಟೋದಲ್ಲಿ ಒಂದು ಗೆರೆಯಷ್ಟೂ ವ್ಯತ್ಯಾಸ ಕಾಣದು. ಗುಂಡಿಗೆ ಬಿದ್ದಾಗ ಗೊತ್ತಾಗುತ್ತದೆ.

ಹಾಗಾಗಿ ಹಣ ಪೂರ್ತಿ ಕೊಡುವ ಮುನ್ನ ಟೈರ್ ಅಂಗಡಿಯಲ್ಲಿ ಕೆಲವು ಕೆಲಸ ಮಾಡಿಸಿ. ಟೈರಿಲ್ಲದ ಬರೀ ಚಕ್ರವನ್ನು ಬ್ಯಾಲೆನ್ಸಿಂಗ್ ಯಂತ್ರದಲ್ಲಿ ತಿರುಗಿಸಿ, ಅಂಚು ಮೇಲೆ ಕೆಳಗೆ ಹಾಗೂ ಪಕ್ಕಕ್ಕೆ ಎಷ್ಟು ಓಲಾಡುತ್ತದೆ ನೋಡಿ. ಟೈರು ಹಾಕಿ ಗಾಳಿ ತುಂಬಿ, ಸ್ಪೋಕಿನ ಬುಡಕ್ಕೂ ಒಳಸುತ್ತಿಗೂ ಸೋಪಿನ ನೀರು ಬಳಿಯಿರಿ. ಲೋಹದ ಮಧ್ಯದಿಂದಲೇ ನೊರೆ ಎದ್ದರೆ ಎರಕದಲ್ಲಿ ಗುಳ್ಳೆಯಿದೆ, ಆ ಚಕ್ರವನ್ನು ಅಲ್ಲೇ ಬಿಟ್ಟು ಬನ್ನಿ. ಪೋಲೋದ ಬೋಲ್ಟನ್ನು ಟಾರ್ಕ್ ವ್ರೆಂಚಿನಲ್ಲಿ 120 ನ್ಯೂಟನ್ ಮೀಟರ್‌ಗೆ ಬಿಗಿಸಿ, 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಅದೇ ಅಂಕಿಗೆ ಪರೀಕ್ಷಿಸಿ. ಯಾವುದಾದರೂ ಬೋಲ್ಟ್ ಮತ್ತೆ ತಿರುಗಿದರೆ ಚಕ್ರ ಬಿಚ್ಚಿ ಬಟ್ಟಲಿನಲ್ಲಿ ಬಣ್ಣ ಹಿಂಡಿದೆಯೇ, ಬೋಲ್ಟಿನ ತಲೆ ಪೂರ್ತಿ ತಾಗಿದೆಯೇ ನೋಡಿ.